ಅಸಲು ಮುಟ್ಟಿಲ್ಲ ಅನ್ನುವ ಮಾತು

ಕಾಫಿಗೆ ಒಳ್ಳೆ ರೇಟು ಬಂದ ವರ್ಷ ನಾನು ಲೆಕ್ಕ ಬರೆದುಕೊಡುವ ಮನೆಗಳಲ್ಲಿ ಎಫ್‌ಡಿ ಬಾಂಡುಗಳ ಸಂಖ್ಯೆ ಏರುತ್ತದೆ. 2024ರಲ್ಲಿ ರೋಬಸ್ಟಾ ಚೆರ್ರಿ 50 ಕೆಜಿ ಚೀಲಕ್ಕೆ ಹತ್ತು ಸಾವಿರ ದಾಟಿದಾಗ ಸೋಮವಾರಪೇಟೆ, ಶನಿವಾರಸಂತೆ ಕಡೆಯ ಬೆಳೆಗಾರರು ಮೊದಲು ಹಳೇ ಸಾಲ ತೀರಿಸಿದರು. ಆಮೇಲೆ ಮನೆಗೆ ಹೊಸ ಹೆಂಚು, ಮಗಳ ಮದುವೆಗೆ ಸ್ವಲ್ಪ, ಮಿಕ್ಕಿದ್ದೆಲ್ಲ ಬ್ಯಾಂಕಿಗೆ. ಕೆಲವೇ ವರ್ಷದ ಹಿಂದೆ ಇದರ ಮೂರನೇ ಒಂದು ಭಾಗದ ಬೆಲೆಗೆ ಇದೇ ಕಾಫಿ ಮಾರಿದ ಜನ ಇವರು. ಕೈಗೆ ಬಂದದ್ದನ್ನು ಭದ್ರವಾಗಿ ಇಡಬೇಕು ಅನ್ನುವ ಅವರ ಆಸೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಅವರೆಲ್ಲರ ಬಾಯಲ್ಲೂ ಬರುವ ಒಂದು ಮಾತು ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ. "ಬಡ್ಡಿ ತಿನ್ನೋಣ, ಅಸಲಿಗೆ ಕೈ ಹಾಕೋದು ಬೇಡ."

ಕೇಳಲು ಇದಕ್ಕಿಂತ ಶಿಸ್ತಿನ ಮಾತು ಇನ್ನೊಂದಿಲ್ಲ. ನಮ್ಮ ಹಿರಿಯರು ತೋಟ ಉಳಿಸಿಕೊಂಡಿದ್ದೇ ಈ ಬುದ್ಧಿಯಿಂದ. ಫಸಲು ತಿನ್ನು, ನೆಲ ಮಾರಬೇಡ. ನೆಲದ ವಿಷಯದಲ್ಲಿ ಅದು ಸರಿ. ರೂಪಾಯಿಯ ವಿಷಯದಲ್ಲಿ ಸರಿಯಲ್ಲ. ಬ್ಯಾಂಕು ಕೊಡುವ ಬಡ್ಡಿಯ ಒಳಗೇ ಅಸಲಿನ ಒಂದು ತುಂಡು ಸೇರಿಕೊಂಡಿರುತ್ತದೆ. ಬಡ್ಡಿಯನ್ನೆಲ್ಲ ತಿಂದವರು ಗೊತ್ತಿಲ್ಲದೆ ಅಸಲನ್ನೂ ತಿನ್ನುತ್ತಿರುತ್ತಾರೆ. ಇದು ಸುಮ್ನೆ ಹೇಳುವ ಮಾತಲ್ಲ, ಲೆಕ್ಕ ಹಾಕಿ ತೋರಿಸಬಹುದು. ನಮ್ಮ ಮನೆಯದೇ ಒಂದು ಲೆಕ್ಕ ಇದೆ. ಚಿಕ್ಕಪ್ಪನ ಒಪ್ಪಿಗೆ ಕೇಳಿಯೇ ಇಲ್ಲಿ ಬರೆಯುತ್ತಿದ್ದೇನೆ.

ಚಿಕ್ಕಪ್ಪನ ನಾಲ್ಕು ಬಾಂಡುಗಳು

ಚಿಕ್ಕಪ್ಪ ಹೈಸ್ಕೂಲ್ ಹೆಡ್‌ಮಾಸ್ಟರ್ ಆಗಿದ್ದವರು. 2005ರ ಮಾರ್ಚಿನಲ್ಲಿ ನಿವೃತ್ತರಾದರು. ಬಂದ ಹಣಕ್ಕೆ ತಮ್ಮ ಉಳಿತಾಯವನ್ನೂ ಸೇರಿಸಿ ಹತ್ತು ಲಕ್ಷ ಮಾಡಿ ಐದು ವರ್ಷಕ್ಕೆ ಎಫ್‌ಡಿ ಇಟ್ಟರು. ಮೂರು ತಿಂಗಳಿಗೊಮ್ಮೆ ಬಡ್ಡಿ ಖಾತೆಗೆ ಬರುತ್ತಿತ್ತು. ಅವಧಿ ಮುಗಿದಾಗ ಅದೇ ಹತ್ತು ಲಕ್ಷವನ್ನು ಮತ್ತೆ ಐದು ವರ್ಷಕ್ಕೆ ಇಡುತ್ತಿದ್ದರು. ಹೀಗೆ ನಾಲ್ಕು ಸಲ. ಹೋದ ವರ್ಷ, 2025ರಲ್ಲಿ, ನಾಲ್ಕನೆಯದು ಮುಗಿಯುವ ಹೊತ್ತಿಗೆ ನನ್ನನ್ನು ಕರೆದರು. ಊಟದ ಮೇಜಿನ ಮೇಲೆ ಹಳೇ ಬಾಂಡುಗಳ ಜೆರಾಕ್ಸ್, ಪಾಸ್‌ಬುಕ್, ಅವರ ಖರ್ಚಿನ ಉದ್ದನೆಯ ಪುಸ್ತಕ. ಮೇಷ್ಟ್ರ ಅಕ್ಷರ, ಒಂದು ಸಾಲೂ ಓರೆ ಇಲ್ಲ. "ನೋಡಪ್ಪ, ಇಪ್ಪತ್ತು ವರ್ಷ ಆಯ್ತು. ಒಂದು ರೂಪಾಯಿ ಅಸಲು ಮುಟ್ಟಿಲ್ಲ" ಅಂದರು. ದನಿಯಲ್ಲಿ ಹೆಮ್ಮೆ ಇತ್ತು, ಇರಬೇಕಾದ್ದೇ. ಚಿಕ್ಕಮ್ಮ ಮಾತ್ರ ಅಡುಗೆಮನೆಯಿಂದಲೇ, "ಆ ಬಡ್ಡಿಯಲ್ಲಿ ಮೊದಲು ಮನೆ ಸಾಮಾನು, ಗ್ಯಾಸು, ಕರೆಂಟು ಎಲ್ಲ ನಡೀತಿತ್ತು. ಈಗ ಔಷಧಿಗೇ ಸಾಲಲ್ಲ" ಅಂದರು.

ಇಬ್ಬರ ಮಾತೂ ನಿಜ. ಆ ಎರಡು ನಿಜಗಳ ನಡುವೆ ಏನಾಯಿತು ಅನ್ನುವುದೇ ವಿಷಯ.

ಬಾಂಡುಗಳ ಮೇಲಿದ್ದ ದರ ಹೀಗಿತ್ತು. 2005ರಲ್ಲಿ ಶೇ. 6.5, 2010ರಲ್ಲಿ 8.25, 2015ರಲ್ಲಿ 8.5, 2020ರಲ್ಲಿ 6.2. ಅಂದರೆ ಮೊದಲ ಐದು ವರ್ಷ ಮೂರು ತಿಂಗಳಿಗೆ 16,250 ರೂಪಾಯಿ ಬರುತ್ತಿತ್ತು. ಕೊನೆಯ ಐದು ವರ್ಷ ಬಂದದ್ದು 15,500. ಹದಿನೈದು ವರ್ಷ ಕಳೆದ ಮೇಲೆ ಬರುವ ಹಣ ರೂಪಾಯಿ ಲೆಕ್ಕದಲ್ಲೇ ಕಡಿಮೆಯಾಗಿತ್ತು. ಪುಸ್ತಕ ತಿರುವಿದರೆ, 2005ರಲ್ಲಿ ಗ್ಯಾಸ್ ಸಿಲಿಂಡರಿಗೆ ಮುನ್ನೂರರ ಆಸುಪಾಸು ಕೊಟ್ಟಿದ್ದಾರೆ. 2025ರಲ್ಲಿ ಎಂಟುನೂರು ದಾಟಿದೆ. ತೋಟದ ಆಳಿನ ದಿನಗೂಲಿ ಎಂಬತ್ತು ಇದ್ದದ್ದು ಈಗ ಐನೂರು. ಇದೆಲ್ಲ ನಮಗೆ ಗೊತ್ತಿರುವುದೇ, ಅಲ್ವಾ? ಆದರೆ ಈ ಕಡೆಯ ಪುಟವನ್ನೂ ಆ ಕಡೆಯ ಬಾಂಡನ್ನೂ ಪಕ್ಕಪಕ್ಕ ಇಟ್ಟು ನೋಡುವವರು ಕಡಿಮೆ.

ಒಂದೊಂದು ಸಾಮಾನಿನ ಬೆಲೆ ಹಿಡಿದು ಹೊರಟರೆ ಜಗಳವೇ ಮುಗಿಯುವುದಿಲ್ಲ. ಅದಕ್ಕೆ ನಾನು ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕವನ್ನು ಹಿಡಿದೆ. ಸರ್ಕಾರಿ ನೌಕರರಿಗೆ ಇದು ಹೊಸದಲ್ಲ, ಅವರ ತುಟ್ಟಿಭತ್ಯೆ, ಅಂದರೆ ಡಿಎ, ಏರುವುದು ಇದರ ಆಧಾರದ ಮೇಲೇ. ಸೂಚ್ಯಂಕವನ್ನು ನೂರು ಎಂದು ಹಿಡಿಯುವ ಮೂಲವರ್ಷ ಮಧ್ಯದಲ್ಲಿ ಎರಡು ಸಲ ಬದಲಾಗಿದೆ. 1982 ಇದ್ದದ್ದು 2001 ಆಯಿತು, ಆಮೇಲೆ 2016. ಹಾಗಾಗಿ ಹಳೇ ಅಂಕಿ ಮತ್ತು ಹೊಸ ಅಂಕಿಯನ್ನು ನೇರವಾಗಿ ಹೋಲಿಸಬಾರದು. ಸರ್ಕಾರವೇ ಕೊಟ್ಟಿರುವ ಜೋಡಣೆಯ ಗುಣಕ ಬಳಸಬೇಕು, ಮೊದಲನೆಯದಕ್ಕೆ 4.63, ಎರಡನೆಯದಕ್ಕೆ 2.88. ಎಲ್ಲವನ್ನೂ 2001ರ ಮೂಲಕ್ಕೆ ತಂದರೆ 2005ರ ಮಾರ್ಚಿನಲ್ಲಿ ಸೂಚ್ಯಂಕ ಸುಮಾರು 113 ಇತ್ತು. 2025ರ ಮಾರ್ಚಿನಲ್ಲಿ ಸುಮಾರು 412. ಬೆಲೆಗಳು ಒಟ್ಟಾರೆ 3.6 ಪಟ್ಟು ಏರಿವೆ. 2005ರಲ್ಲಿ ಹತ್ತು ಲಕ್ಷಕ್ಕೆ ಬರುತ್ತಿದ್ದದ್ದನ್ನು ಈಗ ಕೊಳ್ಳಲು 36 ಲಕ್ಷ ಬೇಕು. ತಿರುಗಿಸಿ ಹೇಳಿದರೆ, ಚಿಕ್ಕಪ್ಪ ಮುಟ್ಟದೇ ಇಟ್ಟ ಹತ್ತು ಲಕ್ಷ 2005ರ ರೂಪಾಯಿಯಲ್ಲಿ ಎರಡೂಮುಕ್ಕಾಲು ಲಕ್ಷ. ಮಿಕ್ಕ ಏಳೂಕಾಲು ಲಕ್ಷ ಎಲ್ಲಿಗೆ ಹೋಯಿತು? ಇಪ್ಪತ್ತು ವರ್ಷದಲ್ಲಿ ಅವರು ಪಡೆದ ಒಟ್ಟು ಬಡ್ಡಿ 14 ಲಕ್ಷ 72 ಸಾವಿರ. ಅದರೊಳಗೇ ಸೇರಿಕೊಂಡು ಮನೆ ಖರ್ಚಿಗೆ ಹೋಯಿತು.

ಬಡ್ಡಿಯಲ್ಲಿ ಯಾವುದು ಬಡ್ಡಿ?

ಈಗ ಇದನ್ನು ಐದೈದು ವರ್ಷಕ್ಕೆ ಬಿಡಿಸಿ ನೋಡೋಣ. ಇಲ್ಲೇ ನನಗೂ ಆಶ್ಚರ್ಯವಾದ ಸಂಗತಿ ಇರುವುದು.

2005ರಿಂದ 2010ರವರೆಗೆ ಬೆಲೆಗಳು ವರ್ಷಕ್ಕೆ ಸರಾಸರಿ ಶೇ. 8.4ರಂತೆ ಏರಿದವು. ಹತ್ತು ಲಕ್ಷದ ಕೊಳ್ಳುವ ಶಕ್ತಿಯನ್ನು ಹಾಗೇ ಉಳಿಸಲು ಮೊದಲ ವರ್ಷವೇ 84 ಸಾವಿರ ರೂಪಾಯಿ ಅಸಲಿಗೆ ಮರಳಿ ಸೇರಬೇಕಿತ್ತು. ಬಂದ ಬಡ್ಡಿಯೇ 65 ಸಾವಿರ. ಅಂದರೆ ಆ ಐದು ವರ್ಷ ತಿನ್ನಲು ಬಡ್ಡಿ ಅನ್ನುವುದೇ ಇರಲಿಲ್ಲ. ಬಂದ ಅಷ್ಟೂ ದುಡ್ಡು ಅಸಲಿನದೇ ತುಂಡು, ಅದೂ ಪೂರ್ತಿ ಅಲ್ಲ. 2010ರಿಂದ 2015ರವರೆಗೂ ಬೆಲೆಯೇರಿಕೆ ಸರಿಸುಮಾರು ಅಷ್ಟೇ, 8.4. ಬಡ್ಡಿ 8.25. ಮನೆಯಲ್ಲಿ ಎಲ್ಲರೂ "ಈಗ ಬಡ್ಡಿ ಚೆನ್ನಾಗಿದೆ" ಅನ್ನುತ್ತಿದ್ದ ಕಾಲ ಅದು. ನಿಜವಾದ ಗಳಿಕೆ ಸೊನ್ನೆ. 2015ರಿಂದ 2020ರವರೆಗೆ ಕಥೆ ಬೇರೆ. ದರ 8.5 ಇತ್ತು, ಬೆಲೆಯೇರಿಕೆ 5.1ಕ್ಕೆ ಇಳಿಯಿತು. ವರ್ಷದ 85 ಸಾವಿರದಲ್ಲಿ ಮೊದಲ ವರ್ಷ 51 ಸಾವಿರ ಅಸಲಿಗೆ ಮರಳಿಸಿ 34 ಸಾವಿರ ನಿಶ್ಚಿಂತೆಯಿಂದ ಖರ್ಚು ಮಾಡಬಹುದಿತ್ತು. ಕೊನೆಯ ಐದು ವರ್ಷ ದರ 6.2, ಬೆಲೆಯೇರಿಕೆ 4.8. ಚಿಕ್ಕಪ್ಪ ಬೇಸರಪಟ್ಟುಕೊಂಡ ಈ ಬಾಂಡು, ಅವರು ಸಂತೋಷಪಟ್ಟ 2010ರ ಬಾಂಡಿಗಿಂತ ಒಳ್ಳೆಯದಾಗಿತ್ತು.

ಇದರಿಂದ ತಿಳಿಯುವುದು ಏನೆಂದರೆ, ಬಾಂಡಿನ ಮೇಲೆ ಅಚ್ಚಾದ ದರದಿಂದ ಏನನ್ನೂ ಹೇಳಲು ಆಗುವುದಿಲ್ಲ. "ನಮ್ಮ ಕಾಲದಲ್ಲಿ ಶೇ. ಹನ್ನೆರಡು ಕೊಡುತ್ತಿದ್ದರು" ಎಂದು ಹಿರಿಯರು ನೆನೆಸಿಕೊಳ್ಳುತ್ತಾರೆ. ಆ ಹನ್ನೆರಡರ ಪಕ್ಕದಲ್ಲಿ ಆ ವರ್ಷಗಳ ಬೆಲೆಯೇರಿಕೆಯೂ ಹತ್ತರ ಆಸುಪಾಸು ಓಡಾಡುತ್ತಿತ್ತು. ನೋಡಬೇಕಾದದ್ದು ವ್ಯತ್ಯಾಸವನ್ನು. ಬಾಯಿಲೆಕ್ಕಕ್ಕೆ ದರದಿಂದ ಬೆಲೆಯೇರಿಕೆ ಕಳೆದರೆ ಸಾಕು. ಸರಿಯಾಗಿ ಬೇಕೆಂದರೆ ಭಾಗಿಸಬೇಕು. 106.2ನ್ನು 104.8ರಿಂದ ಭಾಗಿಸಿದರೆ 1.013, ಅಂದರೆ ನಿಜವಾದ ಬಡ್ಡಿ ಶೇ. 1.3.

ಇನ್ನೊಂದು ತೊಡಕು ಇದೆ. ಐದು ವರ್ಷಕ್ಕೆ ದರ ಕಟ್ಟಿಹಾಕುವ ದಿನ ಮುಂದಿನ ಐದು ವರ್ಷದ ಬೆಲೆಯೇರಿಕೆ ಯಾರಿಗೂ ಗೊತ್ತಿರುವುದಿಲ್ಲ. 2015ರಲ್ಲಿ ಚಿಕ್ಕಪ್ಪನಿಗೆ ಅದೃಷ್ಟ ಒಲಿಯಿತು, 2005ರಲ್ಲಿ ಕೈಕೊಟ್ಟಿತು. ಎರಡು ಸಲವೂ ಅವರು ಮಾಡಿದ್ದು ಒಂದೇ ಕೆಲಸ. 2016ರಲ್ಲಿ ರಿಸರ್ವ್ ಬ್ಯಾಂಕ್ ಕಾಯ್ದೆಗೆ ತಿದ್ದುಪಡಿ ತಂದು ಬೆಲೆಯೇರಿಕೆಯನ್ನು ಶೇ. 4ರ ಸುತ್ತ, ಎರಡು ಹೆಚ್ಚು ಎರಡು ಕಡಿಮೆಯ ಅಂಚಿನಲ್ಲಿ ಹಿಡಿದಿಡುವ ಜವಾಬ್ದಾರಿ ವಹಿಸಿದ ಮೇಲೆ ಈ ಅದೃಷ್ಟದಾಟ ಸ್ವಲ್ಪ ಕಡಿಮೆಯಾಗಿದೆ. ಹಾಗಂತ ನಿಂತಿಲ್ಲ.

ಚಿಕ್ಕಪ್ಪನಿಗೆ ಇದನ್ನು ವಿವರಿಸಲು ನಾನು ಹೆಚ್ಚು ಕಷ್ಟಪಡಲಿಲ್ಲ. "ನಿಮ್ಮ ಪೆನ್ಷನ್‌ಗೆ ಡಿಎ ಯಾಕೆ ಕೊಡುತ್ತಾರೆ ಚಿಕ್ಕಪ್ಪ?" ಅಂದೆ. "ರೇಟು ಏರುತ್ತಲ್ಲ, ಅದಕ್ಕೆ" ಅಂದರು. "ಈ ಎಫ್‌ಡಿಗೆ ಡಿಎ ಇದೆಯಾ?" ಅಂದೆ. ಸ್ವಲ್ಪ ಹೊತ್ತು ಪುಸ್ತಕ ನೋಡುತ್ತಾ ಕೂತರು. "ಅಂದರೆ ಬಡ್ಡಿಯಲ್ಲಿ ನಾನೇ ಡಿಎ ಕಳೆದು ಇಡಬೇಕಿತ್ತು" ಅಂದರು. ಅಷ್ಟು ಚೊಕ್ಕವಾಗಿ ನಾನೂ ಹೇಳಿರಲಿಲ್ಲ.

ಬಡ್ಡಿ ತೆಗೆಯದೇ ಬಿಟ್ಟಿದ್ದರೆ

"ಹಾಗಾದರೆ ಬಡ್ಡಿ ಅಲ್ಲೇ ಬೆಳೆಯಲು ಬಿಟ್ಟಿದ್ದರೆ ಸರಿಹೋಗುತ್ತಿತ್ತಲ್ಲ?" ಎಂದು ಯಾರಾದರೂ ಕೇಳಬಹುದು. ಅದೇ ನಾಲ್ಕು ದರಗಳಲ್ಲಿ, ಮೂರು ತಿಂಗಳಿಗೊಮ್ಮೆ ಚಕ್ರಬಡ್ಡಿ ಸೇರಿಸುತ್ತಾ ಹೋದರೆ, ಹತ್ತು ಲಕ್ಷ ಇಪ್ಪತ್ತು ವರ್ಷದಲ್ಲಿ ಸುಮಾರು 43 ಲಕ್ಷ ಆಗುತ್ತದೆ. ಬೇಕಾದದ್ದು 36 ಲಕ್ಷ. ಅಂದರೆ ನಿಜವಾದ ಗಳಿಕೆ ವರ್ಷಕ್ಕೆ ಶೇ. ಒಂದಕ್ಕಿಂತ ತುಸು ಕಡಿಮೆ. ಸಣ್ಣದು, ಆದರೂ ಗಳಿಕೆಯೇ.

ಆದರೆ ಇದು ತೆರಿಗೆ ಇಲ್ಲದವರ ಲೆಕ್ಕ. ಎಫ್‌ಡಿ ಬಡ್ಡಿಗೆ ಪ್ರತಿ ವರ್ಷ, ಕೈಗೆ ಬರಲಿ ಬಿಡಲಿ, ನಿಮ್ಮ ಆದಾಯದ ಹಂತಕ್ಕೆ ತಕ್ಕ ತೆರಿಗೆ ಬೀಳುತ್ತದೆ. ಶೇ. 20ರ ಹಂತದಲ್ಲಿದ್ದವರಿಗೆ 43 ಲಕ್ಷದ ಬದಲು ಸಿಗುವುದು ಸುಮಾರು 32 ಲಕ್ಷ. ಶೇ. 30ರ ಹಂತದಲ್ಲಿದ್ದವರಿಗೆ 28 ಲಕ್ಷ. ಇಬ್ಬರೂ 36 ಲಕ್ಷದ ಗೆರೆಯ ಕೆಳಗೇ ಉಳಿದರು. ಇಪ್ಪತ್ತು ವರ್ಷ ಒಂದು ರೂಪಾಯಿಯೂ ಖರ್ಚು ಮಾಡದೆ ಕಾದವರು ಮೊದಲಿಗಿಂತ ಬಡವರಾದರು. ತೆರಿಗೆ ಇಲಾಖೆ ಬಡ್ಡಿಯಲ್ಲಿ ಅಸಲಿನ ತುಂಡು ಎಷ್ಟು, ನಿಜವಾದ ಬಡ್ಡಿ ಎಷ್ಟು ಎಂದು ಬೇರೆ ಮಾಡಿ ನೋಡುವುದಿಲ್ಲ. ಪೂರ್ತಿ ಬಡ್ಡಿಯನ್ನೂ ಆದಾಯ ಅಂತಲೇ ಹಿಡಿಯುತ್ತದೆ. ನಷ್ಟ ಆಗುವುದು ಹೆಚ್ಚಾಗಿ ಇಲ್ಲೇ.

ನಮ್ಮ ಕಡೆ ಇದಕ್ಕೆ ಇನ್ನೊಂದು ಮುಖ ಇದೆ. ಕಾಫಿಯನ್ನು ಕ್ಯೂರಿಂಗ್ ಮಾಡಿಸದೆ ಚೆರ್ರಿಯಾಗಿಯೇ ಮಾರುವ ಬೆಳೆಗಾರನಿಗೆ ಆ ಆದಾಯದ ಮೇಲೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಅದರಿಂದ "ನಮಗೆಲ್ಲಿ ಟ್ಯಾಕ್ಸು" ಅನ್ನುವ ಭಾವನೆ ಬೇರೂರಿದೆ. ಕಾಫಿ ದುಡ್ಡಿಗೆ ತೆರಿಗೆ ಇಲ್ಲ ನಿಜ. ಅದೇ ದುಡ್ಡು ಎಫ್‌ಡಿಗೆ ಹೋದ ಮೇಲೆ ಹುಟ್ಟುವ ಬಡ್ಡಿ ಕೃಷಿ ಆದಾಯ ಅಲ್ಲ. ಜೊತೆಗೆ, ಬಡ್ಡಿ ಮೊದಲಾದ ಬೇರೆ ಆದಾಯ ಮೂಲ ವಿನಾಯಿತಿ ಮಿತಿಯನ್ನು ದಾಟಿದರೆ, ಯಾವ ದರದಲ್ಲಿ ತೆರಿಗೆ ಹಾಕಬೇಕು ಎಂದು ತೀರ್ಮಾನಿಸಲು ಕಾಫಿ ಆದಾಯವನ್ನೂ ಕೂಡಿಸುತ್ತಾರೆ. ಕಾಫಿಗೆ ನೇರವಾಗಿ ತೆರಿಗೆ ಬೀಳುವುದಿಲ್ಲ, ಆದರೆ ಬಡ್ಡಿಯನ್ನು ಅದು ಮೇಲಿನ ಹಂತಕ್ಕೆ ತಳ್ಳುತ್ತದೆ. 2025ರ ಏಪ್ರಿಲ್‌ನಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಸಿಗುವುದರಿಂದ ಸಣ್ಣ ಬೆಳೆಗಾರರು, ಪಿಂಚಣಿದಾರರು ಈ ಕಾಟದಿಂದ ಹೆಚ್ಚುಕಡಿಮೆ ಪಾರಾಗಿದ್ದಾರೆ. ದೊಡ್ಡ ಮೊತ್ತ ಇಟ್ಟವರು ಮಾತ್ರ ಬಡ್ಡಿಯ ದರ ಕೇಳುವ ಮೊದಲು ತಮ್ಮ ಹಂತ ಕೇಳಿಕೊಳ್ಳಬೇಕು.

ಅದೇ ಹತ್ತು ಲಕ್ಷ ಶೇರಿನಲ್ಲಿ

ಮುಂಬೈ ಶೇರುಪೇಟೆಯ ಮೂವತ್ತು ದೊಡ್ಡ ಕಂಪನಿಗಳ ಬೆಲೆ ತೋರಿಸುವ ಸೂಚ್ಯಂಕ ಸೆನ್ಸೆಕ್ಸ್ 2005ರ ಮಾರ್ಚ್ 31ರಂದು 6,493 ಇತ್ತು. 2025ರ ಮಾರ್ಚಿನ ಕೊನೆಯ ವಹಿವಾಟಿನ ದಿನ 77,415. ಹೆಚ್ಚುಕಡಿಮೆ ಹನ್ನೆರಡು ಪಟ್ಟು. ಸೂಚ್ಯಂಕದಲ್ಲಿದ್ದ ಕಂಪನಿಗಳಲ್ಲಿ ಅದೇ ಪ್ರಮಾಣದಲ್ಲಿ ಹಾಕಿದ್ದರೆ ಹತ್ತು ಲಕ್ಷ ಒಂದು ಕೋಟಿ 19 ಲಕ್ಷ ಆಗುತ್ತಿತ್ತು, ಕಂಪನಿಗಳು ಲಾಭದಲ್ಲಿ ಹಂಚುವ ಡಿವಿಡೆಂಡ್ ಬೇರೆ. ಪೂರ್ತಿ ಮಾರಿ ಈಗಿನ ಶೇ. 12.5ರ ತೆರಿಗೆಯನ್ನು, ಅಂದರೆ ಸುಮಾರು ಹದಿಮೂರೂವರೆ ಲಕ್ಷ, ಕಟ್ಟಿದರೂ ಒಂದು ಕೋಟಿ ಐದು ಲಕ್ಷ ಉಳಿಯುತ್ತದೆ. ಬೆಲೆಯೇರಿಕೆಯ 3.6 ಪಟ್ಟನ್ನು ಕಳೆದರೂ ಕೊಳ್ಳುವ ಶಕ್ತಿ ಸುಮಾರು ಮೂರು ಪಟ್ಟು ಹೆಚ್ಚಾಯಿತು. ಇಲ್ಲಿ ತೆರಿಗೆ ಬಿದ್ದದ್ದು ಮಾರಿದ ದಿನ ಒಂದೇ ಸಲ. ಎಫ್‌ಡಿಯಂತೆ ವರ್ಷವರ್ಷವೂ ಬೆಳೆಯುವ ಹಣದಿಂದ ಕಿತ್ತುಕೊಳ್ಳಲಿಲ್ಲ. ವ್ಯತ್ಯಾಸದ ಒಂದು ಪಾಲು ಇದರಿಂದಲೇ.

ದೊಡ್ಡ ಪಾಲು ಬಂದಿರುವುದು ಬೇರೆ ಕಡೆಯಿಂದ. ಕರಿಮೆಣಸನ್ನು ಬಳ್ಳಿಯಲ್ಲಿರುವಾಗಲೇ ವ್ಯಾಪಾರಿಗೆ ಗುತ್ತಿಗೆ ಕೊಡುವವರಿದ್ದಾರೆ. ವರ್ಷಕ್ಕೆ ಇಂತಿಷ್ಟು ಎಂದು ಐದು ವರ್ಷಕ್ಕೆ ಒಪ್ಪಂದ ಬರೆದುಕೊಟ್ಟರೆ, ಮೆಣಸಿನ ಬೆಲೆ ಏರಲಿ ಇಳಿಯಲಿ ನಿಮಗೆ ಬರುವುದು ಅಷ್ಟೇ. ಎಫ್‌ಡಿ ಅಂದರೆ ಅದು. ಶೇರು ಅಂದರೆ ಬಳ್ಳಿಯನ್ನೇ ಇಟ್ಟುಕೊಳ್ಳುವುದು. ಸೋಪು ಮಾರುವ ಕಂಪನಿ ಎಣ್ಣೆಯ ಬೆಲೆ ಏರಿದರೆ ಸೋಪಿನ ಬೆಲೆಯನ್ನೂ ಏರಿಸುತ್ತದೆ. ನಮ್ಮ ಚಿಕ್ಕಮ್ಮ ಅಂಗಡಿಯಲ್ಲಿ ಜಾಸ್ತಿ ಕೊಟ್ಟ ದುಡ್ಡು ಕಂಪನಿಯ ಆದಾಯಕ್ಕೆ ಹೋಗಿ ಸೇರುತ್ತದೆ. ಬೆಲೆಯೇರಿಕೆ ಒಂದು ಕಡೆ ಖರ್ಚು, ಇನ್ನೊಂದು ಕಡೆ ಯಾರದ್ದೋ ಗಳಿಕೆ. ಕಂಪನಿಯಲ್ಲಿ ಪಾಲು ಇದ್ದವರಿಗೆ ಆ ಗಳಿಕೆಯಲ್ಲೂ ಪಾಲು ಇದೆ. ರೂಪಾಯಿಯಲ್ಲಿ ಕರಾರು ಬರೆದುಕೊಂಡವರಿಗೆ ಇಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಅದು ಏಜೆಂಟರ ಮಾತಾಗುತ್ತದೆ. 2005ನ್ನು ನಾನು ಹಿಡಿದದ್ದು ಚಿಕ್ಕಪ್ಪ ಆಗ ನಿವೃತ್ತರಾದರು ಎಂಬ ಕಾರಣಕ್ಕೆ. ಶೇರಿಗೆ ಅದು ಒಳ್ಳೇ ಕಾಲ. ಹದಿಮೂರು ವರ್ಷ ಹಿಂದೆ ಹೋಗಿ, 1992ರ ಮಾರ್ಚ್‌ನಿಂದ ಅದೇ ಲೆಕ್ಕ ಹಾಕಿದರೆ ಚಿತ್ರ ಪೂರ್ತಿ ಉಲ್ಟಾ.

1992ರ ಮಾರ್ಚಿನಲ್ಲಿ ಹಾಕಿದವರು

ಶೇರು ದಲ್ಲಾಳಿ ಹರ್ಷದ್ ಮೆಹ್ತಾನ ಹಗರಣ ಹೊರಬೀಳುವ ಮುಂಚಿನ ದಿನಗಳು. ಸೆನ್ಸೆಕ್ಸ್ 1992ರ ಮಾರ್ಚ್ ಕೊನೆಗೆ 4,285 ಇತ್ತು. ಕಂಪನಿಗಳ ವರ್ಷದ ಲಾಭದ ನಲವತ್ತು ಪಟ್ಟಿಗೂ ಮೇಲಿನ ಬೆಲೆಗೆ ಶೇರು ಕೈಬದಲಾಗುತ್ತಿದ್ದವು. ಹನ್ನೊಂದು ವರ್ಷ ಬಿಟ್ಟು, 2003ರ ಮಾರ್ಚ್ ಕೊನೆಗೆ, ಅದೇ ಸೆನ್ಸೆಕ್ಸ್ 3,049. ಈ ಹನ್ನೊಂದು ವರ್ಷದಲ್ಲಿ ಬೆಲೆಗಳು ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ ಏರಿದ್ದವು. ಡಿವಿಡೆಂಡ್ ಬಿಟ್ಟು ನೋಡಿದರೆ ಕೊಳ್ಳುವ ಶಕ್ತಿಯಲ್ಲಿ ಮೂರರಲ್ಲಿ ಎರಡು ಭಾಗ ಹೋಯಿತು. ಅದೇ ಕಾಲದಲ್ಲಿ ಎಫ್‌ಡಿ ಇಟ್ಟು ಬಡ್ಡಿ ಬೆಳೆಯಲು ಬಿಟ್ಟವರು ಬೆಲೆಯೇರಿಕೆಯನ್ನು ಆರಾಮಾಗಿ ದಾಟಿದರು. "ದೀರ್ಘಕಾಲ ಇಟ್ಟರೆ ಶೇರು ಗೆಲ್ಲುತ್ತದೆ" ಅನ್ನುವವರು ಹನ್ನೊಂದು ವರ್ಷವನ್ನು ದೀರ್ಘಕಾಲ ಅನ್ನುತ್ತಾರೋ ಇಲ್ಲವೋ ಮೊದಲು ಹೇಳಬೇಕು. ಅಷ್ಟು ಹೊತ್ತಿಗೆ ಹೈಸ್ಕೂಲಿನಲ್ಲಿದ್ದ ಮಗಳ ಮದುವೆಯೇ ಆಗಿಹೋಗಿರುತ್ತದೆ.

ಆ ದುಡ್ಡನ್ನು 2025ರವರೆಗೆ ಮುಟ್ಟದೇ ಇಟ್ಟಿದ್ದರೆ ಏನಾಗುತ್ತಿತ್ತು? 4,285ರಿಂದ 77,415, ಹದಿನೆಂಟು ಪಟ್ಟು. ಬೆಲೆಗಳು ಅಷ್ಟರಲ್ಲಿ ಎಂಟು ಪಟ್ಟಿಗಿಂತ ತುಸು ಜಾಸ್ತಿ. ಅಷ್ಟು ಕೆಟ್ಟ ದಿನ ಶುರು ಮಾಡಿದವರೂ 33 ವರ್ಷದಲ್ಲಿ, ಡಿವಿಡೆಂಡ್ ಸೇರಿಸದೆಯೇ, ಕೊಳ್ಳುವ ಶಕ್ತಿಯನ್ನು ಎರಡು ಪಟ್ಟು ಮಾಡಿಕೊಂಡರು. ನನಗೆ ಶೇರಿನ ಮೇಲೆ ನಂಬಿಕೆ ಬರುವುದು 2005ರ ಹನ್ನೆರಡು ಪಟ್ಟಿನಿಂದಲ್ಲ, 1992ರ ಈ ಲೆಕ್ಕದಿಂದ. ಹೆದರಿಕೆ ಬರುವುದೂ ಅದರಿಂದಲೇ.

ಇದರ ಜೊತೆಗೆ ಇನ್ನೊಂದು ವಿಷಯ ನೆನಪಿಡಬೇಕು. ಸೂಚ್ಯಂಕದ ಮೂವತ್ತು ಕಂಪನಿಗಳು 1992ರಲ್ಲಿ ಇದ್ದವೇ ಈಗಲೂ ಇಲ್ಲ. ಸೋತ ಕಂಪನಿ ಹೊರಗೆ ಹೋಗುತ್ತದೆ, ಬೆಳೆದದ್ದು ಒಳಗೆ ಬರುತ್ತದೆ. ಯಾರೋ ಹೇಳಿದರು ಎಂದು ಒಂದೆರಡು ಕಂಪನಿಯ ಶೇರು ಕೊಂಡಿಟ್ಟವರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಆ ಕಂಪನಿ ಮುಚ್ಚಿದರೆ ಅಸಲು ಸೊನ್ನೆ, ಕಾದು ಕೂತರೂ ಬರುವುದಿಲ್ಲ. ಈಗ ಇಂಡೆಕ್ಸ್ ಫಂಡ್ ಅನ್ನುವುದಿದೆ, ಪೂರ್ತಿ ಸೂಚ್ಯಂಕವನ್ನೇ ಸಣ್ಣ ಖರ್ಚಿನಲ್ಲಿ ಕೊಳ್ಳಬಹುದು. 1992ರಲ್ಲಿ ನಮ್ಮ ದೇಶದಲ್ಲಿ ಅದೂ ಇರಲಿಲ್ಲ.

ಚಿಕ್ಕಪ್ಪ ಶೇರಿಗೆ ಹಾಕಬೇಕಿತ್ತೇ?

ಪೂರ್ತಿ ಹತ್ತು ಲಕ್ಷ? ಖಂಡಿತ ಬೇಡವಾಗಿತ್ತು. ಅವರಿಗೆ ಆ ದುಡ್ಡಿನಿಂದ ಮೂರು ತಿಂಗಳಿಗೊಮ್ಮೆ ಖರ್ಚಿಗೆ ಬೇಕಿತ್ತು. ತೆಗೆಯುತ್ತಾ ಹೋಗುವವರಿಗೆ ಶೇರಿನ ಸರಾಸರಿ ಗಳಿಕೆಗಿಂತ ಏರಿಳಿತ ಯಾವ ಕ್ರಮದಲ್ಲಿ ಬರುತ್ತದೆ ಅನ್ನುವುದು ಮುಖ್ಯ. 1992ರಲ್ಲಿ ಹತ್ತು ಲಕ್ಷ ಶೇರಿಗೆ ಹಾಕಿ, ವರ್ಷಕ್ಕೆ 65 ಸಾವಿರದಂತೆ ಶುರು ಮಾಡಿ, ಬೆಲೆಯೇರಿಕೆಗೆ ತಕ್ಕಂತೆ ಅದನ್ನು ಏರಿಸುತ್ತಾ ತೆಗೆದಿದ್ದರೆ, ಹತ್ತು ಹನ್ನೊಂದು ವರ್ಷದಲ್ಲಿ ಹೆಚ್ಚುಕಡಿಮೆ ಖಾಲಿ. 2003ರ ನಂತರದ ಏರಿಕೆ ನೋಡಲು ಕೈಯಲ್ಲಿ ಶೇರೇ ಉಳಿಯುತ್ತಿರಲಿಲ್ಲ. ಬಿದ್ದ ಬೆಲೆಗೆ ಮಾರಿದ ಶೇರು ಮತ್ತೆ ಏಳುವುದಿಲ್ಲ. 2008ರ ಜನವರಿಯಲ್ಲಿ 20,873ಕ್ಕೆ ಮುಟ್ಟಿದ ಸೆನ್ಸೆಕ್ಸ್ 2009ರ ಮಾರ್ಚಿನಲ್ಲಿ 8,160ಕ್ಕೆ ಬಂತು. ಆ ಹದಿನಾಲ್ಕು ತಿಂಗಳು ಮಾರದೇ ಇರಲು ಬೇರೆ ಕಡೆ ದುಡ್ಡು ಇರಬೇಕು. ಧೈರ್ಯವೊಂದೇ ಸಾಲದು.

ಆದರೆ ಚಿಕ್ಕಪ್ಪನಿಗೆ ಪಿಂಚಣಿ ಇತ್ತು, ಅದಕ್ಕೆ ಡಿಎ ಇತ್ತು. ನಿವೃತ್ತಿಯ ವಯಸ್ಸು 58, ಮುಂದೆ ಇಪ್ಪತ್ತು ವರ್ಷಕ್ಕೂ ಮೇಲೆ ಬದುಕು ಇತ್ತು. ಹತ್ತರಲ್ಲಿ ಮೂರು ನಾಲ್ಕು ಲಕ್ಷವನ್ನು ಮುಟ್ಟದ ದುಡ್ಡು ಎಂದು ಬೇರೆ ಇಡಬಹುದಿತ್ತು ಎಂದು ನನ್ನ ಅಭಿಪ್ರಾಯ. ಮೂರು ಲಕ್ಷ ಸೂಚ್ಯಂಕದ ಜೊತೆ ಬೆಳೆದಿದ್ದರೆ 2025ರ ಮಾರ್ಚಿಗೆ 35 ಲಕ್ಷದ ಮೇಲೆ. ಅಷ್ಟೇ ಸಾಕಿತ್ತು, ಮಿಕ್ಕ ಏಳು ಲಕ್ಷದ ಬಡ್ಡಿ ಪೂರ್ತಿ ತಿಂದರೂ 36 ಲಕ್ಷದ ಗೆರೆ ದಾಟುತ್ತಿತ್ತು. ಅವರು ಹಾಗೆ ಮಾಡಲಿಲ್ಲ ಎಂದು ನಾನು ದೂರುವುದಿಲ್ಲ. 2005ರಲ್ಲಿ ನಮ್ಮೂರಿನಲ್ಲಿ ಅವರಿಗೆ ಇದನ್ನು ಹೇಳುವವರು ಯಾರೂ ಇರಲಿಲ್ಲ. ಶೇರು ಅಂದರೆ 1992ರಲ್ಲಿ ಕೈಸುಟ್ಟುಕೊಂಡವರ ಕಥೆ ಮಾತ್ರ ಎಲ್ಲರಿಗೂ ಗೊತ್ತಿತ್ತು.

ಈಗ 78ರ ವಯಸ್ಸಿನಲ್ಲಿ ಹತ್ತು ಲಕ್ಷವನ್ನು ಶೇರಿಗೆ ಹಾಕಿ ಎಂದು ನಾನು ಹೇಳಲಿಲ್ಲ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಶೇ. 8.2 ಇತ್ತು, ಖಾತೆ ತೆರೆದ ದಿನದ ದರ ಐದು ವರ್ಷವೂ ಬದಲಾಗುವುದಿಲ್ಲ. ಬೆಲೆಯೇರಿಕೆ ಇಳಿಯುತ್ತಿರುವ ಹೊತ್ತಿನಲ್ಲಿ ಮೇಲಿನ ದರವನ್ನು ಕಟ್ಟಿಹಾಕುವುದು, 2015ರಲ್ಲಿ ಆದಂತೆ, ಇಟ್ಟವರ ಪರವಾಗಿ ಕೆಲಸ ಮಾಡುತ್ತದೆ. ಮೂರು ತಿಂಗಳಿಗೊಮ್ಮೆ 20,500 ಬರುತ್ತದೆ. ಅದರಲ್ಲಿ ಹತ್ತು ಸಾವಿರ ಚಿಕ್ಕಮ್ಮನ ಕೈಗೆ. ಮಿಕ್ಕದ್ದನ್ನು ಚಿಕ್ಕಪ್ಪ ಬೇರೆ ಆರ್‌ಡಿಗೆ ಹಾಕುತ್ತಾರೆ, ಪುಸ್ತಕದಲ್ಲಿ ಅದಕ್ಕೊಂದು ಕಾಲಂ ಎಳೆದು ಮೇಲೆ "ಡಿಎ" ಎಂದು ಬರೆದಿದ್ದಾರೆ.

ಅವರ ಮಗನ ವಿಷಯ ಬೇರೆ. ಅವನಿಗೆ ನಲವತ್ತೆರಡು, ಏಳು ಎಕರೆ ತೋಟ, ಈ ಎರಡು ವರ್ಷದ ಕಾಫಿ ದುಡ್ಡು ಕೈಯಲ್ಲಿದೆ. ಅವನಿಗೂ ಪೂರ್ತಿ ಎಫ್‌ಡಿ ಇಡುವ ಮನಸ್ಸಿತ್ತು. ಅವನ ಜೊತೆ ಕೂತು ನಾವು ಮೊದಲು ಬರೆದದ್ದು ಯಾವ ದುಡ್ಡು ಯಾವಾಗ ಬೇಕು ಅನ್ನುವುದನ್ನು. ಎರಡು ವರ್ಷ ಕಾಫಿಗೆ ಬೆಲೆಯೇ ಇಲ್ಲದಿದ್ದರೂ ಕೂಲಿ, ಗೊಬ್ಬರ, ಕಪಾತು, ಮನೆ ಖರ್ಚು ನಡೆಯುವಷ್ಟು ಎಫ್‌ಡಿಯಲ್ಲಿ. ಅದು ಕರಗಿದರೂ ಚಿಂತೆಯಿಲ್ಲ, ಅದರ ಕೆಲಸ ಬೆಳೆಯುವುದಲ್ಲ, ಕೇಳಿದಾಗ ಸಿಗುವುದು. ಮಗಳ ಕಾಲೇಜಿಗೆ ಐದು ವರ್ಷದೊಳಗೆ ಬೇಕಾದದ್ದೂ ಎಫ್‌ಡಿಯಲ್ಲೇ. ಹದಿನೈದು ವರ್ಷ ಮುಟ್ಟದ ದುಡ್ಡು ಎಂದು ಉಳಿದದ್ದನ್ನು ಒಂದೇ ದಿನ ಹಾಕದೆ, 1992ರ ಮಾರ್ಚಿನಂಥ ದಿನ ಪೂರ್ತಿ ಸಿಕ್ಕಿಹಾಕಿಕೊಳ್ಳದಿರಲಿ ಎಂದು, ಮೂವತ್ತಾರು ತಿಂಗಳಿಗೆ ಹಂಚಿ ಇಂಡೆಕ್ಸ್ ಫಂಡಿಗೆ ಹಾಕುತ್ತಿದ್ದಾನೆ. ಹೀಗೆ ಹಂಚಿದರೆ ಮಾರುಕಟ್ಟೆ ಏರುತ್ತಾ ಹೋದ ಪಕ್ಷದಲ್ಲಿ ಸ್ವಲ್ಪ ಗಳಿಕೆ ಕೈತಪ್ಪುತ್ತದೆ. ಅದನ್ನು ಅವನಿಗೆ ಮೊದಲೇ ಹೇಳಿದ್ದೇನೆ, ಒಪ್ಪಿದ್ದಾನೆ. ಅವನ ಆದಾಯವೇ ಲಂಡನ್ ಮಾರುಕಟ್ಟೆಯ ರೋಬಸ್ಟಾ ದರದ ಜೊತೆ ಏರಿಳಿಯುವಂಥದ್ದು. ಕಾಫಿ ಬಿದ್ದ ವರ್ಷವೇ ಶೇರೂ ಬಿದ್ದರೆ ಫಂಡಿಗೆ ಕೈ ಹಾಕುವ ಪರಿಸ್ಥಿತಿ ಬರಬಾರದು ಎಂದು, ನಾನು ಹೇಳಿದ್ದಕ್ಕಿಂತಲೂ ಆರು ತಿಂಗಳ ಖರ್ಚು ಜಾಸ್ತಿಯೇ ಎಫ್‌ಡಿಯಲ್ಲಿ ಇಟ್ಟುಕೊಂಡಿದ್ದಾನೆ.